ಮಧ್ಯಾಹ್ನ ಇನ್ವರ್ಟರ್ ಚೆನ್ನಾಗೇ ತೋರಿಸುತ್ತದೆ, ಬೆಳಿಗ್ಗೆ ಬ್ಯಾಟರಿ ಕೆಳಗೆ ಇಳಿದಿರುತ್ತದೆ. ತಪ್ಪು ಪ್ಯಾನೆಲ್‌ನದ್ದೋ ಬ್ಯಾಟರಿಯದ್ದೋ?

ತೋಟದಮನೆ:
ನಮ್ಮದು ಶಿರಸಿಯಿಂದ ಒಳಗೆ, ಹುಲೇಕಲ್ ಕಡೆ. ತಾರಸಿ ಮೇಲೆ ಆರು ಪ್ಯಾನೆಲ್ ಇವೆ, ಒಂದೊಂದು 335 ವ್ಯಾಟ್, 72 ಸೆಲ್‌ನವು. ಮೂರು ಮೂರರ ಎರಡು ಸಾಲು ಮಾಡಿ, ಎರಡೂ ಸಾಲನ್ನು ಒಟ್ಟಿಗೆ ಸೇರಿಸಿ ಪ್ಯಾನೆಲ್ ಕೊಡುವಷ್ಟನ್ನೂ ಎಳೆದುಕೊಳ್ಳುವ ಎಂಪಿಪಿಟಿ ಕಂಟ್ರೋಲರ್ ಇರುವ ಇನ್ವರ್ಟರ್‌ಗೆ ಕೊಟ್ಟಿದ್ದಾರೆ. ಬ್ಯಾಟರಿ 150 ಎಎಚ್ ಟ್ಯೂಬುಲರ್, ನಾಲ್ಕು, ಅಂದರೆ 48 ವೋಲ್ಟ್.

ಮೊದಲು ಬೆಳಿಗ್ಗೆ ನೋಡಿದರೆ ಬ್ಯಾಟರಿ 50 ವೋಲ್ಟಿನ ಮೇಲೆ ಇರುತ್ತಿತ್ತು. ದೀಪಾವಳಿ ಆದಮೇಲೆ 49ಕ್ಕೆ ಬರುತ್ತಿದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಮನೆಯಲ್ಲಿ ಹೊಸ ಲೋಡ್ ಏನೂ ಇಲ್ಲ, ಅದೇ ಫ್ರಿಜ್, ಲೈಟು, ಟಿವಿ. ಪರದೆಯಲ್ಲಿ ಎರರ್ ಬಂದಿಲ್ಲ, ಮಧ್ಯಾಹ್ನ 1200ಕ್ಕಿಂತ ಮೇಲೆ ವ್ಯಾಟ್ ತೋರಿಸುತ್ತದೆ. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ ನಾಲ್ಕೂ ಬ್ಯಾಟರಿ ಬದಲಿಸಿ ಅಂದುಬಿಟ್ಟರು, ಬಂದು ನೋಡಲೂ ಇಲ್ಲ. ಅಷ್ಟು ದುಡ್ಡು ಸುರಿಯುವ ಮೊದಲು ನಾನೇ ಏನಾದರೂ ನೋಡಬಹುದಾ?

ಸಿದ್ದಾಪುರ ಹುಡುಗ:
ಅಣ್ಣ, ಬ್ಯಾಟರಿಯೇ. ನನಗೂ ಹೀಗೇ ಆಗಿತ್ತು. ಬೆಳಿಗ್ಗೆ ವೋಲ್ಟ್ ಬೀಳುತ್ತದೆ ಅಂದರೆ ರಾತ್ರಿ ಚಾರ್ಜ್ ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿದೆ ಅಂತಲೇ ಅರ್ಥ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ ಮೊದಲು. ಪ್ಯಾನೆಲ್‌ನಲ್ಲಿ ಕೆಡಲಿಕ್ಕೆ ಏನಿದೆ, ಬರೀ ಗಾಜು. ಕೆಟ್ಟರೆ ಇನ್ವರ್ಟರ್ ಕಿರುಚುತ್ತದೆ ಬಿಡಿ.

ಕಾರವಾರ ಕಡಲು:
ನಮ್ಮ ಮನೆಯಲ್ಲಿ 5 ಕಿಲೋವ್ಯಾಟ್ ಇದೆ, ಗ್ರಿಡ್‌ಗೆ ಜೋಡಿಸಿದ್ದು. ಮಳೆಗಾಲ ಕಳೆದಮೇಲೆ ಯೂನಿಟ್ ಏಕ್‌ದಂ ಅರ್ಧ ಆಯಿತು. ನೋಡಿದರೆ ಒಂದು ಸಾಲಿನ ಎಂಸಿ-ಫೋರ್ ಕನೆಕ್ಟರ್ ಒಳಗೆ ಉಪ್ಪು ಹವೆಗೆ ಪಿನ್ ಹಸಿರು ಬಂದು ತಿಂದುಹೋಗಿತ್ತು. ನೀವು ಸುಮ್ನೆ ಆ್ಯಪ್ ತೆರೆದು ಇವತ್ತಿನ ಯೂನಿಟ್ಟನ್ನು ಹೋದ ತಿಂಗಳಿನದಕ್ಕೆ ಹೋಲಿಸಿ, ಕಡಿಮೆ ಆಗಿದ್ದರೆ ಪ್ಯಾನೆಲ್, ಇಲ್ಲದಿದ್ದರೆ ಬ್ಯಾಟರಿ. ಇಷ್ಟೇ.

ತೋಟದಮನೆ:
ನಮ್ಮದರಲ್ಲಿ ಆ್ಯಪ್ ಇಲ್ಲ ಸರ್, ಪರದೆ ಮಾತ್ರ. ನೀರಿನ ಮಟ್ಟ ಸರಿ ಇದೆ.

ಮೀಟರ್ ಮಾವ:
ಕಾರವಾರದವರೇ, ನಿಮ್ಮ ಲೆಕ್ಕ ನಿಮ್ಮ ಮನೆಗೆ ಸರಿ, ಇವರಿಗೆ ನಡೆಯುವುದಿಲ್ಲ. ನಿಮ್ಮಲ್ಲಿ ಬಿಸಿಲು ಎಷ್ಟು ಬಂದರೂ ಗ್ರಿಡ್ ತೆಗೆದುಕೊಳ್ಳುತ್ತದೆ. ಬ್ಯಾಟರಿ ಮಾತ್ರ ಇರುವ ಮನೆಯಲ್ಲಿ ಬ್ಯಾಟರಿ ತುಂಬಿದ ಕೂಡಲೇ ಕಂಟ್ರೋಲರ್ ಪ್ಯಾನೆಲ್‌ನಿಂದ ಎಳೆಯುವುದನ್ನು ತಾನೇ ಕಡಿಮೆ ಮಾಡುತ್ತದೆ. ಹಾಗಾಗಿ ಇಲ್ಲಿ ಯೂನಿಟ್ ಅಂದರೆ ಮನೆಯವರು ಎಷ್ಟು ಖರ್ಚು ಮಾಡಿದರು ಅನ್ನುವ ಲೆಕ್ಕ ಅಷ್ಟೇ. ಪ್ಯಾನೆಲ್‌ಗೆ ಎಷ್ಟು ಕೊಡುವ ತಾಕತ್ತಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ. ನೆಂಟರು ಬಂದ ದಿನ ಜಾಸ್ತಿ, ಮನೆಗೆ ಬೀಗ ಹಾಕಿ ಮದುವೆಗೆ ಹೋದ ದಿನ ಕಡಿಮೆ.

ತೋಟದಮನೆಯವರೇ, ನನಗೆ ಒಂದೇ ವಿಷಯ ಹೇಳಿ. ಬಿಸಿಲಿರುವ ದಿನ ಬ್ಯಾಟರಿ ವೋಲ್ಟೇಜ್ ಫುಲ್ ಚಾರ್ಜಿನ 57.6 ಮುಟ್ಟುವುದು ಎಷ್ಟು ಗಂಟೆಗೆ? ಈಗ ಎಷ್ಟು, ಮೊದಲು ಎಷ್ಟಿತ್ತು?

ಕೇಳಿದ್ದು ಯಾಕೆ ಅಂದರೆ, ಬೆಳಗಿನ ವೋಲ್ಟೇಜ್ ಬಿದ್ದಿದೆ ಅನ್ನುವುದು ಎರಡೂ ರೋಗಕ್ಕೆ ಒಂದೇ ಲಕ್ಷಣ. ಆದರೆ ಹಗಲಿನಲ್ಲಿ ಎರಡೂ ಉಲ್ಟಾ ನಡೆಯುತ್ತವೆ. ಹಳೆಯದಾಗಿ ಗಟ್ಟಿಯಾದ ಬ್ಯಾಟರಿ ಬೇಗ ತುಂಬಿದ ಹಾಗೆ ಮಾಡುತ್ತದೆ, ಹನ್ನೊಂದಕ್ಕೆಲ್ಲ 57.6ಕ್ಕೆ ಹಾರಿ ಕರೆಂಟ್ ಇಳಿಸಿಬಿಡುತ್ತದೆ, ರಾತ್ರಿ ಅಷ್ಟೇ ಬೇಗ ಬೀಳುತ್ತದೆ. ಪ್ಯಾನೆಲ್ ಸೋತಿದ್ದರೆ ಆ ವೋಲ್ಟೇಜ್ ಮುಟ್ಟುವುದು ದಿನ ಹೋದಂತೆ ತಡವಾಗುತ್ತದೆ, ಆಮೇಲೆ ಕೆಲವು ದಿನ ಮುಟ್ಟುವುದೇ ಇಲ್ಲ.

ತೋಟದಮನೆ:
ಮೊದಲು ಊಟಕ್ಕೆ ಕೂರುವ ಹೊತ್ತಿಗೆ, ಅಂದರೆ ಒಂದು ಗಂಟೆ ಆಸುಪಾಸಿಗೆ ಫುಲ್ ಅಂತ ತೋರಿಸುತ್ತಿತ್ತು. ಈಗ ಎರಡೂವರೆ ಮೂರು ಆಗುತ್ತದೆ. ನಿನ್ನೆ ಮಿಕ್ಸಿ, ವಾಷಿಂಗ್ ಮೆಷಿನ್ ಹಾಕಿದ್ದರು, 56ರಲ್ಲೇ ಸಂಜೆ ಆಯಿತು.

ಮೀಟರ್ ಮಾವ:
ಹಾಗಾದರೆ ಬ್ಯಾಟರಿಗೆ ಇನ್ನೂ ದುಡ್ಡು ಕೊಡಬೇಡಿ.

ಈಗ ಹೀಗೆ ಮಾಡಿ. ನಾಳೆ ಹನ್ನೆರಡು, ಹನ್ನೆರಡೂವರೆ ಹೊತ್ತಿಗೆ, ಮೋಡ ಇಲ್ಲದಾಗ, ಬ್ಯಾಟರಿ ಇನ್ನೂ 55ರ ಕೆಳಗೆ ಇರುವಾಗ ಪರದೆಯ ಎಲ್ಲ ಪುಟ ತಿರುಗಿಸಿ ಫೋಟೋ ತೆಗೆಯಿರಿ. `PV` ಅಂತ ಇರುವಲ್ಲಿ ವೋಲ್ಟ್ ಮತ್ತು ವ್ಯಾಟ್ ಎರಡೂ ಬೇಕು. ಎಲ್ಲರೂ ವ್ಯಾಟ್ ಮಾತ್ರ ನೋಡುತ್ತಾರೆ, ಆ ವೋಲ್ಟ್ ಯಾರೂ ನೋಡುವುದಿಲ್ಲ. ಹಳೆಯ ಫೋಟೋ ಏನಾದರೂ ಇದ್ದರೆ ಅದನ್ನೂ ಹಾಕಿ.

ಕುಮಟಾ ಅಕ್ಕ:
ಶಿರಸಿ ಕಡೆ ಅಂದಮೇಲೆ ಅಡಿಕೆ ಮರದ ನೆರಳು ಇರಲೇಬೇಕಲ್ಲ. ಈಗ ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ನೆತ್ತಿ ಮೇಲೆ ಇರುವವನು ಡಿಸೆಂಬರಿನಲ್ಲಿ ನಮ್ಮಲ್ಲಿ ಸುಮಾರು 52 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬೇಸಿಗೆಯಲ್ಲಿ ಬೀಳದ ನೆರಳು ಈಗ ಬೀಳುತ್ತದೆ. ಇನ್ನೊಂದು, ಮಳೆಗಾಲದ ಪಾಚಿ. ಪ್ಯಾನೆಲ್‌ನ ಕೆಳ ಅಂಚಿನಲ್ಲಿ ಫ್ರೇಮಿಗೆ ತಾಗಿ ಹಸಿರು ಗೆರೆ ಕೂತಿರುತ್ತದೆ, ಕೆಳಗಿನಿಂದ ಕಾಣುವುದಿಲ್ಲ. ನಾನು ತೆಂಗಿನ ನಾರಿನಿಂದ ಬೆಳಿಗ್ಗೆ ತಂಪಿರುವಾಗ ಉಜ್ಜುತ್ತೇನೆ.

ತೋಟದಮನೆ:
ಅಕ್ಕ, ಪಾಚಿ ಇತ್ತು, ನಿಜ. ಇವತ್ತು ಬೆಳಿಗ್ಗೆ ಹತ್ತಿ ತೊಳೆದೆ. ದಕ್ಷಿಣದ ಮರಗಳ ನೆರಳು ಒಂಬತ್ತೂವರೆ ತನಕ ಒಂದು ಮೂಲೆಗೆ ಇರುತ್ತದೆ, ಆಮೇಲೆ ಇಲ್ಲ.

ಮಾವ, ಇವತ್ತು ಹನ್ನೆರಡು ಕಾಲಿಗೆ ತೆಗೆದದ್ದು: `PV` 88 ವೋಲ್ಟ್, 1250 ವ್ಯಾಟ್, ಬ್ಯಾಟರಿ 53.0. ಹಳೆಯದು ಏನೂ ಇಲ್ಲ ಅಂದುಕೊಂಡಿದ್ದೆ, ತಂಗಿಗೆ ಕಳೆದ ವರ್ಷ ಡಿಸೆಂಬರಿನಲ್ಲಿ ವಾಟ್ಸ್ಆ್ಯಪ್ ಮಾಡಿದ್ದು ಸಿಕ್ಕಿತು. ಅದರಲ್ಲಿ `PV` 97 ವೋಲ್ಟ್, 1370 ವ್ಯಾಟ್, ಬ್ಯಾಟರಿ 53.2.

ಸಿದ್ದಾಪುರ ಹುಡುಗ:
ಬರೀ 120 ವ್ಯಾಟ್ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ? ಹವೆ ಬೇರೆ, ದಿನ ಬೇರೆ. ಮತ್ತೆ ನನ್ನದು ಇದೇ ಆರು ಪ್ಯಾನೆಲ್, ನಿನ್ನೆ ಮೂರು ಗಂಟೆಗೆ `PV` 114 ಇತ್ತು. ನಿಮ್ಮದು 97 ಇದ್ದಾಗಲೂ ಸರಿ ಇರಲಿಲ್ಲ ಅಂತಾಯಿತಲ್ಲ!

ಮೀಟರ್ ಮಾವ:
ಹುಡುಗ, ಮೂರು ಗಂಟೆಗೆ ನಿನ್ನ ಬ್ಯಾಟರಿ ತುಂಬಿತ್ತು. ಆಗ ಕಂಟ್ರೋಲರ್ ಕರೆಂಟ್ ಎಳೆಯುವುದನ್ನು ಬಿಡುತ್ತದೆ, ಪ್ಯಾನೆಲ್ ವೋಲ್ಟೇಜ್ ಮೇಲೆ ಏರುತ್ತದೆ. ಖಾಲಿ ಬಿಟ್ಟರೆ ಈ ಬಿಸಿಲಿಗೆ ಮೂರು ಪ್ಯಾನೆಲ್ ಸಾಲು 120ರ ಹತ್ತಿರ ಹೋಗುತ್ತದೆ. ಅದಕ್ಕೇ 55ರ ಕೆಳಗೆ ಇರುವಾಗ ನೋಡಿ ಅಂದದ್ದು, ಆಗ ಮಾತ್ರ ಎಂಪಿಪಿಟಿ ಪೂರ್ತಿ ಎಳೆಯುತ್ತಾ ಇರುತ್ತದೆ. ನಾಳೆ ಹನ್ನೆರಡಕ್ಕೆ ನಿನ್ನದನ್ನು ನೋಡು, 95-98ರಲ್ಲಿ ಇರುತ್ತದೆ.

120 ವ್ಯಾಟ್ ಬಗ್ಗೆ ನೀನು ಹೇಳಿದ್ದು ಅರ್ಧ ಸರಿ. ವ್ಯಾಟ್ ಒಂದನ್ನೇ ನೋಡಿದರೆ ಧೂಳು, ತೆಳು ಮೋಡ, ಮಂಜು ಯಾವುದರಿಂದಲೂ ಅಷ್ಟು ಇಳಿಯುತ್ತದೆ. ಆದರೆ ಬಿಸಿಲು ಕಡಿಮೆಯಾದರೆ ಇಳಿಯುವುದು ಕರೆಂಟು. ವೋಲ್ಟ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಕಾರವಾರದವರ ಕೇಸಿನಲ್ಲಿ ಒಂದು ಸಾಲೇ ಕಡಿದುಹೋಗಿತ್ತು, ವ್ಯಾಟ್ ಅರ್ಧ ಆಯಿತು, ಅಲ್ಲಿಯೂ ಉಳಿದ ಸಾಲಿನ ವೋಲ್ಟ್ ಹಾಗೇ ಇದ್ದಿರಬೇಕು. ಹೌದಾ?

ಕಾರವಾರ ಕಡಲು:
ಹೌದು, ಆ್ಯಪ್‌ನಲ್ಲಿ ಡಿಸಿ ವೋಲ್ಟ್ ಮೊದಲಿನಷ್ಟೇ ಇತ್ತು, ಆಂಪ್ಸ್ ಅರ್ಧ. ಆಗ ಅದಕ್ಕೆ ಅರ್ಥ ಇದೆ ಅಂತ ಹೊಳೆದಿರಲಿಲ್ಲ ಮಾರಾಯ್ರೆ.

ಮೀಟರ್ ಮಾವ:
ಇವರದ್ದು ಉಲ್ಟಾ. ಬಿಸಿಲಿನ ಕೊರತೆಗೆ 97ರಿಂದ 88ಕ್ಕೆ ಬರುವುದಿಲ್ಲ. ಪ್ಯಾನೆಲ್ ಕಾದರೆ ವೋಲ್ಟ್ ಇಳಿಯುತ್ತದೆ, ಅದು ನಿಜ. ಆದರೆ 9 ವೋಲ್ಟ್ ಇಳಿಯಬೇಕಾದರೆ ಕಳೆದ ಡಿಸೆಂಬರಿಗಿಂತ ಇಪ್ಪತ್ತು ಡಿಗ್ರಿಗೂ ಜಾಸ್ತಿ ಕಾಯಬೇಕು. ಅದೇ ತಿಂಗಳು, ಅದೇ ಹೊತ್ತು, ಅಷ್ಟು ವ್ಯತ್ಯಾಸ ಎಲ್ಲಿಂದ ಬರಬೇಕು? ನೆರಳೂ ಅಲ್ಲ, ನೆರಳು ಹೊತ್ತಿನ ಜೊತೆ ಸರಿದು ಹೋಗುತ್ತದೆ. ತೋಟದಮನೆಯವರು ಹತ್ತಕ್ಕೆ, ಹನ್ನೊಂದಕ್ಕೆ ನೋಡಿದರೂ ಇಷ್ಟೇ ಇದ್ದರೆ ಒಳಗೆ ಏನೋ ಕೂತಿದೆ.

ನನ್ನ ಅನುಮಾನ ಬೈಪಾಸ್ ಡಯೋಡ್ ಮೇಲೆ. 72 ಸೆಲ್ ಪ್ಯಾನೆಲ್ ಒಳಗೆ 24 ಸೆಲ್‌ಗಳ ಮೂರು ಭಾಗ, ಒಂದೊಂದು ಭಾಗಕ್ಕೆ ಒಂದು ಡಯೋಡ್, ಹಿಂದಿನ ಕಪ್ಪು ಡಬ್ಬಿಯಲ್ಲಿ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿಹೋಗಲಿ ಅಂತ ಅದು ಇರುವುದು. ಅದು ಶಾರ್ಟ್ ಆಗಿ ಸತ್ತರೆ ಆ ಭಾಗ ಬಿಸಿಲಿನಲ್ಲೂ ಲೆಕ್ಕಕ್ಕಿಲ್ಲ. ಸಾಲಿನ ಒಂಬತ್ತು ಭಾಗದಲ್ಲಿ ಒಂದು ಹೋಯಿತು, ಸುಮಾರು 11 ವೋಲ್ಟ್. ಪಕ್ಕದ ಒಳ್ಳೆಯ ಸಾಲು ಅದರ ಜೊತೆಗೇ ಕಟ್ಟಿಕೊಂಡಿರುವುದರಿಂದ ಕಂಟ್ರೋಲರ್ ಎರಡರ ನಡುವೆ ಎಲ್ಲೋ ರಾಜಿ ಮಾಡಿಕೊಳ್ಳುತ್ತದೆ, ಇವರಲ್ಲಿ 88. ಒಳ್ಳೆಯ ಸಾಲೂ ತನಗೆ ಬೇಕಾದ ವೋಲ್ಟಿನಲ್ಲಿ ದುಡಿಯುವುದಿಲ್ಲ. ಒಟ್ಟು ನಷ್ಟ ನೂರಕ್ಕೆ ಎಂಟೊಂಬತ್ತು. ಎರರ್ ಬರುವಷ್ಟು ದೊಡ್ಡದಲ್ಲ. ಆದರೆ ದಿನವೂ ಅರ್ಧ ಯೂನಿಟ್‌ಗಿಂತ ಜಾಸ್ತಿ ಖೋತಾ, ನಿನ್ನೆಯ ಬಾಕಿ ಇವತ್ತಿಗೆ ಸೇರುತ್ತದೆ. ಅದಕ್ಕೇ ಒಂದು ಗಂಟೆ ಇದ್ದದ್ದು ಮೂರು ಆಗಿದೆ.

ತೋಟದಮನೆ:
ಹತ್ತೂವರೆಗೂ 88-89 ಇತ್ತು. ದೀಪಾವಳಿ ಮುಂಚೆ ಒಂದು ಸಂಜೆ ಸಿಕ್ಕಾಪಟ್ಟೆ ಗುಡುಗು ಮಿಂಚು, ಆವತ್ತು ಟಿವಿಯ ಸೆಟ್‌ಟಾಪ್ ಬಾಕ್ಸ್ ಸುಟ್ಟಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ? ಮತ್ತೆ ಯಾವ ಪ್ಯಾನೆಲ್ ಅಂತ ಹೇಗೆ ಹುಡುಕುವುದು? ನನ್ನ ಹತ್ತಿರ ಒಂದು ಕ್ಲಾಂಪ್ ಮೀಟರ್ ಇದೆ.

ಮೀಟರ್ ಮಾವ:
ಸಾಮಾನ್ಯ ಕ್ಲಾಂಪ್ ಮೀಟರ್ ಬಾಯಿ ಎಸಿ ಕರೆಂಟ್ ಮಾತ್ರ ಅಳೆಯುತ್ತದೆ, ಡಿಸಿ ತಂತಿಗೆ ಹಾಕಿದರೆ ಸೊನ್ನೆ ತೋರಿಸಿ ಹೆದರಿಸುತ್ತದೆ. ಈ ಕೆಲಸಕ್ಕೆ ಅದರ ಡಿಸಿ ವೋಲ್ಟ್ ಸಾಕು.

ಕೆಲಸದ ಕ್ರಮ ಮುಖ್ಯ. ಮೊದಲು ಇನ್ವರ್ಟರ್ ಪಕ್ಕದ ಡಿಸಿ ಸ್ವಿಚ್ ಆಫ್ ಮಾಡಿ. ಪರದೆಯಲ್ಲಿ `PV` ವ್ಯಾಟ್ ಸೊನ್ನೆ ಆದದ್ದನ್ನು ಕಣ್ಣಾರೆ ನೋಡಿದಮೇಲೆ ಮೇಲೆ ಹತ್ತಿ. ಎಂಸಿ-ಫೋರ್ ಅನ್ನು ಕರೆಂಟ್ ಹರಿಯುವಾಗ ಎಂದೂ ಎಳೆಯಬಾರದು, ಡಿಸಿ ಕಿಡಿ ಎಸಿಯ ಹಾಗೆ ತಾನಾಗಿ ಆರುವುದಿಲ್ಲ. ಸ್ವಿಚ್ ಆಫ್ ಆದರೂ ತಂತಿಯಲ್ಲಿ 120 ವೋಲ್ಟ್ ಇದ್ದೇ ಇರುತ್ತದೆ, ಒದ್ದೆ ತಾರಸಿಯಲ್ಲಿ ಬೇಡ. ಎರಡೂ ಸಾಲು ಸೇರುವ ವೈ ಕನೆಕ್ಟರ್ ಬಿಚ್ಚಿ ಒಂದೊಂದು ಸಾಲನ್ನೇ ಅಳೆಯಿರಿ. ಸೇರಿಸಿಯೇ ಅಳೆದರೆ ಒಳ್ಳೆಯ ಸಾಲು ಕೆಟ್ಟದ್ದನ್ನು ಎತ್ತಿ ಹಿಡಿದು ಇಬ್ಬರೂ ಚೆನ್ನಾಗಿದ್ದ ಹಾಗೆ ಕಾಣುತ್ತದೆ. ಕಡಿಮೆ ಬಂದ ಸಾಲಿನಲ್ಲಿ ಆಮೇಲೆ ಪ್ಯಾನೆಲ್ ಒಂದೊಂದೇ. ಮೀಟರ್ ಕೆಂಪು ತಂತಿ ವೋಲ್ಟ್ ತೂತಿನಲ್ಲೇ ಇದೆಯಾ ಅಂತ ಎರಡು ಸಲ ನೋಡಿ, ಆಂಪ್ಸ್ ತೂತಿನಲ್ಲಿದ್ದರೆ ಅದೇ ಶಾರ್ಟ್.

ಕುಮಟಾ ಅಕ್ಕ:
ಒಬ್ಬರೇ ಹತ್ತಬೇಡಿ, ಕೆಳಗೆ ಸ್ವಿಚ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ನಮ್ಮನೆಯಲ್ಲಿ ಫ್ಯಾನ್ ತಿರುಗುತ್ತಿಲ್ಲ ಅಂತ ಯಾರೋ ಹೋಗಿ ಆನ್ ಮಾಡಿದ್ದರು.

ತೋಟದಮನೆ:
ತಮ್ಮನನ್ನು ಕೆಳಗೆ ನಿಲ್ಲಿಸಿ ಇವತ್ತು ಮಾಡಿದೆ.

ಒಂದನೇ ಸಾಲು 121. ಎರಡನೇ ಸಾಲು 108. ಎರಡನೇ ಸಾಲಿನ ಪ್ಯಾನೆಲ್‌ಗಳು 40.4, 40.2, 27.1.

ಮೂರನೆಯದರ ಗಾಜು, ಫ್ರೇಮ್ ಎಲ್ಲ ಹೊಸದರ ಹಾಗೆ ಇದೆ, ಎಲ್ಲೂ ಕಲೆ ಇಲ್ಲ. ಹಿಂದಿನ ಡಬ್ಬಿಯ ಒಂದು ಬದಿ ಸ್ವಲ್ಪ ಹಳದಿ ಆಗಿದೆ ಅನಿಸಿತು.

ಸಿದ್ದಾಪುರ ಹುಡುಗ:
27 ಅಂದರೆ ಸರಿಯಾಗಿ ಮೂರರಲ್ಲಿ ಎರಡು ಪಾಲು! ಮಾವ ನೋಡದೇ ಹೇಳಿದ್ದಾರೆ. ಇವತ್ತು ನನ್ನದನ್ನೂ ಹನ್ನೆರಡಕ್ಕೆ ನೋಡಿದೆ, 96. ಬಚಾವ್.

ಆದರೆ ಒಂದು ಪ್ರಶ್ನೆ. ನೂರಕ್ಕೆ ಎಂಟಕ್ಕೋಸ್ಕರ ಡಬ್ಬಿ ಬಿಚ್ಚಬೇಕಾ? ಹಾಗೇ ಬಿಟ್ಟು ಒಂದು ಹೊಸ ಪ್ಯಾನೆಲ್ ಸೇರಿಸಿದರೆ ಮುಗಿಯಿತಲ್ಲ.

ಮೀಟರ್ ಮಾವ:
ಒಂದು ಪ್ಯಾನೆಲ್ ಎಲ್ಲಿ ಸೇರಿಸುತ್ತೀ? ಒಂದು ಸಾಲು ನಾಲ್ಕು, ಇನ್ನೊಂದು ಮೂರು ಆದರೆ ಈಗಿನ ಜಗಳವೇ ದೊಡ್ಡದಾಗುತ್ತದೆ. ಮೇಲಾಗಿ ನಾಲ್ಕು ಪ್ಯಾನೆಲ್ ಅಂದರೆ ಖಾಲಿ ವೋಲ್ಟ್ 160 ದಾಟುತ್ತದೆ, ಇವರ ಇನ್ವರ್ಟರಿನ ಮಿತಿ ಎಷ್ಟು ಅಂತ ಹಿಂದಿನ ಲೇಬಲ್ ನೋಡದೇ ಅಂಥದ್ದು ಮಾಡಿದರೆ ಇನ್ವರ್ಟರೇ ಹೋಗುತ್ತದೆ.

ಬಿಡುವುದು ನನಗೆ ಸರಿ ಕಾಣುವುದಿಲ್ಲ. ಡಬ್ಬಿ ಹಳದಿ ಆಗಿದೆ ಅಂದರೆ ಒಳಗೆ ಬಿಸಿ ಆಗುತ್ತಿದೆ. ಆ ಸತ್ತ ಭಾಗದ ಕರೆಂಟ್ ಆ ಡಯೋಡಿನಲ್ಲೇ ಸುತ್ತುತ್ತದೆ, ಬ್ಯಾಟರಿ ತುಂಬಿ ಕಂಟ್ರೋಲರ್ ಎಳೆಯುವುದು ಬಿಟ್ಟಾಗ ಇನ್ನೂ ಜಾಸ್ತಿ. ಪೂರ್ತಿ ಶಾರ್ಟ್ ಅಲ್ಲದೆ ಅರೆಬರೆ ಇದ್ದರೆ ಡಬ್ಬಿ ಕರಗುತ್ತದೆ.

ವಾರಂಟಿ ಇದ್ದರೆ ಡಬ್ಬಿ ಮುಟ್ಟದೆ 27.1 ತೋರಿಸುವ ಮೀಟರಿನ ವಿಡಿಯೋ ಮಾಡಿ ಕಳಿಸಿ, ಪ್ಯಾನೆಲ್ ಸೀರಿಯಲ್ ನಂಬರ್ ಅದರಲ್ಲೇ ಕಾಣಲಿ. ಇಲ್ಲದಿದ್ದರೆ ಹಳೆಯ ಮಾದರಿಯ ಡಬ್ಬಿಗೆ ಮುಚ್ಚಳ ಇರುತ್ತದೆ, ಬಿಚ್ಚಬಹುದು. ಈಚಿನವುಗಳಲ್ಲಿ ಅಂಟು ಸುರಿದು ಮುಚ್ಚಿರುತ್ತಾರೆ, ಅದನ್ನು ಕೆರೆಯಲು ಹೋಗಿ ರಿಬ್ಬನ್ ಕಿತ್ತವರನ್ನು ನೋಡಿದ್ದೇನೆ.

ತೋಟದಮನೆ:
ಮುಚ್ಚಳ ಇತ್ತು. ವಾರಂಟಿಯ ಬಗ್ಗೆ ಹಾಕಿಕೊಟ್ಟವರು ಸರಿಯಾಗಿ ಉತ್ತರ ಕೊಡಲಿಲ್ಲ, ಕಾದು ಬೇಸರ ಬಂತು. ಪೇಟೆಯಲ್ಲಿ ಟಿವಿ ರಿಪೇರಿ ಮಾಡುವ ಪರಿಚಯದವರು ಬಂದು ಪ್ಯಾನೆಲ್ ಇಳಿಸಿ, ಗಾಜಿಗೆ ಕಂಬಳಿ ಹೊದಿಸಿ ಮೂರೂ ಡಯೋಡ್ ಬಿಚ್ಚಿದರು. ಮೀಟರಿನ ಡಯೋಡ್ ಪಾಯಿಂಟಿನಲ್ಲಿ ಎರಡು ಒಂದು ಕಡೆಗೆ 0.2 ಚಿಲ್ಲರೆ ತೋರಿಸಿ ಇನ್ನೊಂದು ಕಡೆಗೆ `OL`. ಮೂರನೆಯದು ಎರಡೂ ಕಡೆ ಸೊನ್ನೆ. ಅದೇ ಅಳತೆಯದು ಸಿಗಲಿಲ್ಲ, 15SQ045 ಹಾಕಿದ್ದಾರೆ, ಸರಿ ತಾನೆ?

ಮೀಟರ್ ಮಾವ:
15 ಆಂಪ್, 45 ವೋಲ್ಟಿನ ಷಾಟ್ಕಿ, ಇದಕ್ಕೆ ಸಾಕು. ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ಒಳ್ಳೆಯದಿತ್ತು, ಪೆಟ್ಟು ತಿಂದದ್ದು ಒಂದೇ ಅಂತ ಹೇಳಲಾಗುವುದಿಲ್ಲ. ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿ, ನಿಮ್ಮ ಮಳೆಗೆ ನೀರು ಹೊಕ್ಕರೆ ಮುಂದಿನ ವರ್ಷ ಮತ್ತೆ ಇದೇ ಕಥೆ.

ಕಾರವಾರ ಕಡಲು:
ಸಿಡಿಲಿಗೆ ಹೋದದ್ದು ಅಂತ ಖಾತ್ರಿ ಏನು? ನೆರಳಿನ ಮೂಲೆಯ ಪ್ಯಾನೆಲ್ಲೇ ಅದಾಗಿದ್ದರೆ ದಿನಾ ಬೆಳಿಗ್ಗೆ ಆ ಡಯೋಡ್ ಕೆಲಸ ಮಾಡಿ ಕಾದು ಕಾದು ಸತ್ತಿರಬಹುದಲ್ಲ.

ತೋಟದಮನೆ:
ಹೌದು ಮಾರಾಯ್ರೆ, ಬೆಳಗಿನ ನೆರಳು ಬೀಳುವ ಮೂಲೆಯದ್ದೇ.

ಮೀಟರ್ ಮಾವ:
ಎರಡೂ ಸಾಧ್ಯ. ಬೆಳಗಿನ ಎಳೆ ಬಿಸಿಲಿನ ಕರೆಂಟಿಗೆ ಡಯೋಡ್ ಅಷ್ಟು ಕಾಯುವುದಿಲ್ಲ, ನಾನು ಸಿಡಿಲಿನ ಕಡೆಗೇ. ಆದರೆ ಪಂದ್ಯ ಕಟ್ಟುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಇದೆಯಾ, ಅರ್ಥ್ ತಂತಿ ಫ್ರೇಮಿಗೆ ಮುಟ್ಟಿದೆಯಾ ಅಂತ ನೋಡಿ ಹೇಳಿ.

ತೋಟದಮನೆ:
ಪ್ರೊಟೆಕ್ಟರ್ ಡಬ್ಬಿ ಇದೆ, ಅದರ ಹಸಿರು ಕಿಟಕಿ ಕೆಂಪಾಗಿದೆ.

ಕಾರವಾರ ಕಡಲು:
ಸರಿ, ಸಿಡಿಲಿಗೆ ಒಂದು ಓಟು ಜಾಸ್ತಿ ಆಯಿತು. ಆ ಡಬ್ಬಿ ಸತ್ತಿದೆ, ಕಾರ್ಟ್ರಿಜ್ ಬದಲಿಸಿ, ಏಪ್ರಿಲ್ ಗುಡುಗಿನ ಮೊದಲು.

ತೋಟದಮನೆ:
ಬದಲಿಸುತ್ತೇನೆ. ಇವತ್ತಿನ ಹನ್ನೆರಡು ಕಾಲಿನದ್ದು: `PV` 96 ವೋಲ್ಟ್, 1360 ವ್ಯಾಟ್, ಬ್ಯಾಟರಿ 53.4. 57.6 ಮುಟ್ಟಿದ್ದು ಒಂದೂವರೆಗೆ.

ಆದರೆ ಬೆಳಗಿನ ವೋಲ್ಟ್ ಪೂರ್ತಿ ಸರಿಹೋಗಿಲ್ಲ, 49.7ರ ಹತ್ತಿರ ನಿಂತಿದೆ. ಬ್ಯಾಟರಿಗಳನ್ನು ಒಂದೊಂದಾಗಿ ಅಳೆದೆ, ಮೂರು 12.5, ಒಂದು 12.2.

ಸಿದ್ದಾಪುರ ಹುಡುಗ:
ನಾನು ಮೊದಲೇ ಹೇಳಿದ್ದೆ ಬ್ಯಾಟರಿ ಅಂತ.

ಮೀಟರ್ ಮಾವ:
ಕಾಲು ಭಾಗ ಹೇಳಿದ್ದೆ ಅನ್ನು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ಅದು, ಈಗಲೇ ತೀರ್ಮಾನ ಬೇಡ. ತೋಟದಮನೆಯವರೇ, ಇನ್ವರ್ಟರಿನಲ್ಲಿ ಹಿಂದುಳಿದ ಸೆಲ್‌ಗಳನ್ನು ಸಮ ಮಾಡುವ ಈಕ್ವಲೈಸ್ ಚಾರ್ಜ್ ಅಂತ ಇದ್ದರೆ ಬ್ಯಾಟರಿ ಪುಸ್ತಕದಲ್ಲಿ ಹೇಳಿದ ವೋಲ್ಟಿಗೆ ಇಟ್ಟು, ಮುಚ್ಚಳ ಸಡಿಲ ಮಾಡಿ, ಕಿಟಕಿ ತೆರೆದು ಒಮ್ಮೆ ಮಾಡಿಸಿ. ಆಮೇಲೆ ಆ 12.2ರ ಆರೂ ಸೆಲ್‌ಗೆ ಹೈಡ್ರೋಮೀಟರ್ ಹಾಕಿ ಆ್ಯಸಿಡ್ ಸಾಂದ್ರತೆಯ ನಂಬರ್ ಇಲ್ಲಿ ಬರೆಯಿರಿ. ಐದು ಸರಿ ಇದ್ದು ಒಂದು ತೀರಾ ಕೆಳಗಿದ್ದರೆ ಆ ಒಂದು ಬ್ಯಾಟರಿ ಹೋಗಿದೆ. ಆರೂ ಸಮನಾಗಿ ಕೆಳಗಿದ್ದರೆ ಇನ್ನೂ ಆಸೆ ಇದೆ.

ತೋಟದಮನೆ:
ಹೈಡ್ರೋಮೀಟರ್ ತರಬೇಕು. ಶನಿವಾರ ಪೇಟೆಗೆ ಹೋಗುವುದಿದೆ, ಭಾನುವಾರ ಬರೆಯುತ್ತೇನೆ.